ಬೋರ್ಡಿಂಗ್ ಪಾಸಿನ ಫೋಟೋವನ್ನು ಕನ್ನಡಕ್ಕೆ ತರುವಾಗ: ಗೇಟು, ಟರ್ಮಿನಲ್ಲು ಮತ್ತು ಏಳು ಕಿಲೋದ ಚೀಲ

ಬದಿಯಡ್ಕದ ಹತ್ತಿರದ ನಮ್ಮ ಊರಿನಲ್ಲಿ ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ಬಹಳ. ಮೊಮ್ಮಗು ಹುಟ್ಟಿತೆಂದೋ ಸೊಸೆಗೆ ಸಹಾಯಕ್ಕೆಂದೋ ಅರುವತ್ತು ದಾಟಿದ ತಾಯಂದಿರು ಒಬ್ಬರೇ ವಿಮಾನ ಹತ್ತುವುದು ಈಗ ಅಪರೂಪವಲ್ಲ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನೆಂಬ ಕಾರಣಕ್ಕೆ ಅಂಥವರು ಫೋನು ಹಿಡಿದುಕೊಂಡು ನನ್ನ ಜಗಲಿಗೆ ಬರುತ್ತಾರೆ. ಕಳೆದ ಬಾರಿ ಬಂದವರು ನೆರೆಮನೆಯ ಅಕ್ಕ. "ಮಾಸ್ಟ್ರೇ, ಮಗ ಇದನ್ನು ಕಳಿಸಿದ್ದಾನೆ. ಇದರಲ್ಲಿ ಏನುಂಟೆಂದು ಕನ್ನಡದಲ್ಲಿ ಬರೆದುಕೊಡಿ, ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇನೆ" ಎಂದರು. ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವನು. ಮನೆಯಲ್ಲಿ ಕನ್ನಡ ಆಡುತ್ತಾನೆ, ಆದರೆ ಒಂದು ಪುಟ ಬರೆ ಎಂದರೆ ಕೈ ಓಡುವುದಿಲ್ಲ. ತಾಯಿ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು. ಇಂಗ್ಲಿಷ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲರು, ಆದರೆ ಕೂಡಿಸಿ ಓದಲಾರರು. ಅನುವಾದ ಹೇಗಿರಬೇಕೆಂಬುದನ್ನು ನಿರ್ಧರಿಸಿದ್ದು ಈ ಕೊನೆಯ ಸಂಗತಿಯೇ.

ಬೋರ್ಡಿಂಗ್ ಪಾಸು ಓದಿ ಮುಗಿಸಿ ಮಡಚಿಡುವ ಕಾಗದವಲ್ಲ. ಅದರಲ್ಲಿರುವ ಅಕ್ಷರ, ಅಂಕಿಗಳನ್ನು ವಿಮಾನ ನಿಲ್ದಾಣದ ಫಲಕಗಳೊಂದಿಗೆ ತಾಳೆ ನೋಡಿಕೊಂಡೇ ಮುಂದೆ ಹೋಗಬೇಕು. ಆದ್ದರಿಂದ ಅದರಲ್ಲಿ ಎರಡು ಬಗೆಯ ಮಾತುಗಳಿವೆ. ಒಂದು, ಫಲಕದೊಂದಿಗೆ ಹೋಲಿಸಬೇಕಾದದ್ದು: ವಿಮಾನದ ಸಂಖ್ಯೆ, ಊರಿನ ಮೂರಕ್ಷರ, ಗೇಟಿನ ಅಂಕಿ, ಸೀಟಿನ ಅಕ್ಷರ. ಇದನ್ನು ಕನ್ನಡ ಲಿಪಿಗೆ ಇಳಿಸಿದರೆ ಕೆಟ್ಟಿತು. ಅಲ್ಲಿ ಕಾಣುವ ಆಕಾರದಲ್ಲಿಯೇ ಉಳಿಸಿ, ಅದರ ಅರ್ಥವನ್ನು ಪಕ್ಕದಲ್ಲಿ ಬರೆಯಬೇಕು. ಇನ್ನೊಂದು, ಪ್ರಯಾಣಿಕರು ಮಾಡಬೇಕಾದದ್ದು ಅಥವಾ ಮಾಡಬಾರದ್ದು: ಇಷ್ಟು ಗಂಟೆಯೊಳಗೆ ಬನ್ನಿ, ಇದನ್ನು ಚೀಲದಲ್ಲಿ ಇಡಬೇಡಿ. ಇದನ್ನು ಪೂರ್ತಿಯಾಗಿ, ಕ್ರಿಯಾಪದ ಸಮೇತ, ಕನ್ನಡದಲ್ಲಿ ಹೇಳಬೇಕು. ನಾನು ನೋಡಿದ ಹೆಚ್ಚಿನ ತಪ್ಪುಗಳು ಈ ಎರಡನ್ನು ಅದಲುಬದಲು ಮಾಡಿದ್ದರಿಂದ ಆದವು. ಗೇಟಿನ ಸಂಖ್ಯೆಯನ್ನು ಅಚ್ಚುಕಟ್ಟಾಗಿ "ದ್ವಾರ ಸಂಖ್ಯೆ ಹನ್ನೆರಡು" ಎಂದು ಬರೆದವರು, ನಿಯಮವನ್ನು ಮಾತ್ರ "ಕ್ಯಾಬಿನ್ ಬ್ಯಾಗೇಜ್ ಓನ್ಲಿ" ಎಂದು ಬಿಟ್ಟಿರುತ್ತಾರೆ.

ಅಕ್ಕನ ಪ್ರಯಾಣ ಮಂಗಳೂರಿನಿಂದ ಬೆಂಗಳೂರಿಗೆ, ಅಲ್ಲಿಂದ ಅಬುಧಾಬಿಗೆ. ಮಗ ಮನೆಯಿಂದಲೇ ಚೆಕ್‌ಇನ್ ಮಾಡಿ ಎರಡು ಪಾಸುಗಳನ್ನೂ ಸಾಮಾನಿನ ನಿಯಮಗಳ ಒಂದು ಸೂಚನೆಯನ್ನೂ ಮುದ್ರಿಸಿ, ಮೇಜಿನ ಮೇಲಿಟ್ಟು ಫೋಟೋ ತೆಗೆದು ಕಳಿಸಿದ್ದ. ಎರಡನೆಯ ಪಾಸಿನ ಮುಖ್ಯ ಭಾಗ ಹೀಗಿತ್ತು. ವಿಮಾನದ ಗುರುತನ್ನೂ ಕೆಲವು ಅಂಕಿಗಳನ್ನೂ ನಾನು ಬದಲಿಸಿದ್ದೇನೆ.

```
FLIGHT XX 1234    15MAR
BLR - AUH         TERM 2
BRDG 0005  DEP 0050  ARR 0320
GATE --   SEAT 17C
SEQ 041   ZONE 3
CABIN 7KG   BAG 30K
```

ಮೊದಲು ದಿನಾಂಕವನ್ನೇ ನೋಡೋಣ, ಏಕೆಂದರೆ ಇಡೀ ಪಾಸಿನಲ್ಲಿ ಇದಕ್ಕಿಂತ ದುಬಾರಿ ತಪ್ಪು ಇನ್ನೊಂದಿಲ್ಲ. `15MAR` ಎಂದರೆ ಮಾರ್ಚ್ 15. ಪಾಸಿನಲ್ಲಿ ಸಾಮಾನ್ಯವಾಗಿ ವರ್ಷ ಇರುವುದಿಲ್ಲ. `0050` ಎಂದರೆ ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕದಲ್ಲಿ ಮಧ್ಯರಾತ್ರಿ ಕಳೆದು 50 ನಿಮಿಷ. ಇದನ್ನು "ಮಾರ್ಚ್ 15, ರಾತ್ರಿ 12.50" ಎಂದು ಅನುವಾದಿಸಿದರೆ ಪದಶಃ ತಪ್ಪಿಲ್ಲ, ಆದರೆ ನಮ್ಮ ರೂಢಿಯಲ್ಲಿ ಹದಿನೈದರ ರಾತ್ರಿ ಎಂದರೆ ಹದಿನೈದರ ಊಟ ಮುಗಿಸಿ ಮಲಗುವ ರಾತ್ರಿ. ನಮಗೆ ದಿನ ಬದಲಾಗುವುದು ಬೆಳಗಾದಾಗ, ಮಧ್ಯರಾತ್ರಿಯಲ್ಲಲ್ಲ. ಆ ಅನುವಾದವನ್ನು ನಂಬಿದವರು ವಿಮಾನ ಹೋಗಿ ಇಡೀ ಒಂದು ದಿನ ಕಳೆದ ಮೇಲೆ ಪೆಟ್ಟಿಗೆ ಹಿಡಿದು ಹೊರಡುತ್ತಾರೆ. ನಾನು ಬರೆದದ್ದು ಹೀಗೆ: "ಮಾರ್ಚ್ 14ರ ಸಂಜೆ 7.40ಕ್ಕೆ ಮಂಗಳೂರಿನಿಂದ ಮೊದಲ ವಿಮಾನ. ಅದೇ ರಾತ್ರಿ, 14 ಕಳೆದು 15 ಹುಟ್ಟುವ ಹೊತ್ತಿಗೆ, 12.50ಕ್ಕೆ ಬೆಂಗಳೂರಿನಿಂದ ಎರಡನೆಯ ವಿಮಾನ." ವಾಕ್ಯ ಉದ್ದವಾಯಿತು, ಆದರೆ ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಪಾಸಿನಲ್ಲಿರುವ ಪ್ರತಿಯೊಂದು ಗಂಟೆಯೂ ಆಯಾ ಊರಿನ ಗಡಿಯಾರದ ಗಂಟೆ. ಬೆಂಗಳೂರಿನಿಂದ 0050ಕ್ಕೆ ಹೊರಟು ಅಬುಧಾಬಿಗೆ 0320ಕ್ಕೆ ತಲಪುತ್ತದೆಂದು ನೋಡಿದರೆ ಎರಡೂವರೆ ಗಂಟೆಯ ಪ್ರಯಾಣವೆಂದು ತೋರುತ್ತದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ನಿಜವಾಗಿ ಕುಳಿತಿರಬೇಕಾದದ್ದು ನಾಲ್ಕು ಗಂಟೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಅಕ್ಕನಿಗೆ ಈ ಲೆಕ್ಕ ಬೇಕಿತ್ತು, ಆದ್ದರಿಂದ ತಲಪುವ ಹೊತ್ತನ್ನು "ಅಲ್ಲಿಯ ಗಡಿಯಾರದಲ್ಲಿ ನಸುಕಿನ 3.20, ನಿಮ್ಮ ಕೈಗಡಿಯಾರದಲ್ಲಿ 4.50" ಎಂದು ಎರಡು ರೀತಿಯಲ್ಲೂ ಬರೆದೆ.

`BRDG 0005` ಎಂಬುದು ವಿಮಾನ ಹತ್ತಿಸಲು ಆರಂಭಿಸುವ ಹೊತ್ತು, `DEP 0050` ಎಂಬುದು ವಿಮಾನ ಹೊರಡುವ ಹೊತ್ತು. ಇವೆರಡರ ನಡುವೆ ಪಾಸಿನಲ್ಲಿ ಗಂಟೆಯಾಗಿ ಕಾಣಿಸದ ಮೂರನೆಯ ಹೊತ್ತೊಂದಿದೆ. ಪಾಸಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಹೊರಡುವುದಕ್ಕೆ 25 ನಿಮಿಷ ಮೊದಲು ಗೇಟು ಮುಚ್ಚುತ್ತದೆ ಎಂದು ಬರೆದಿತ್ತು. ಈ ನಿಮಿಷಗಳು ವಿಮಾನ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಆದ್ದರಿಂದ ಕೈಯಲ್ಲಿರುವ ಪಾಸಿನಲ್ಲಿ ಏನಿದೆಯೋ ಅದನ್ನೇ ಹಿಡಿಯಬೇಕು. ಅನುವಾದಕನ ಕೆಲಸ "25 ನಿಮಿಷ ಮೊದಲು" ಎಂದು ಬರೆಯುವಲ್ಲಿಗೆ ಮುಗಿಯುವುದಿಲ್ಲ. ನಿದ್ದೆಗಣ್ಣಿನಲ್ಲಿ ಯಾರೂ ಕಳೆಯುವ ಲೆಕ್ಕ ಮಾಡಲಾರರು. ಕಳೆದು, "12.25ಕ್ಕೆ ಮುಚ್ಚುತ್ತಾರೆ" ಎಂದು ಬರೆದುಕೊಡಬೇಕು.

"ಗೇಟು ಮುಚ್ಚುತ್ತದೆ" ಎಂಬ ಮಾತೇ ನಮ್ಮ ಕಡೆ ದಾರಿತಪ್ಪಿಸುತ್ತದೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ರೈಲು ಹಳಿಯ ಬದಿಯಲ್ಲಿ ಬದುಕಿದವರಿಗೆ ಗೇಟು ಮುಚ್ಚುವುದೆಂದರೆ ರೈಲು ಗೇಟು ಮುಚ್ಚುವುದು: ರಿಕ್ಷಾ ನಿಲ್ಲಿಸಿ ಕಾದರೆ ಗಾಡಿ ಹೋದ ಮೇಲೆ ತೆರೆಯುತ್ತದೆ. ವಿಮಾನದ ಗೇಟು ಮುಚ್ಚಿದ ಮೇಲೆ ತೆರೆಯುವುದಿಲ್ಲ. ವಿಮಾನ ಗಾಜಿನಾಚೆ ಕಣ್ಣೆದುರೇ ನಿಂತಿದ್ದರೂ ಹತ್ತಿಸಿಕೊಳ್ಳುವುದಿಲ್ಲ. ಆದ್ದರಿಂದ ನಾನು "ಮುಚ್ಚುತ್ತಾರೆ" ಎಂದು ಮೊದಲು ಬರೆದದ್ದನ್ನು ಹೊಡೆದುಹಾಕಿ, "12.25ರ ನಂತರ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ, 12ಕ್ಕೇ ಗೇಟಿನ ಎದುರಿನ ಕುರ್ಚಿಯಲ್ಲಿ ಕುಳಿತಿರಿ" ಎಂದು ತಿದ್ದಿದೆ.

ಈಗ ಟರ್ಮಿನಲ್. ಇದನ್ನು "ನಿಲ್ದಾಣ" ಎಂದು ಕನ್ನಡಿಸುವವರಿದ್ದಾರೆ. ಆದರೆ ಇಡೀ ಜಾಗವೇ ವಿಮಾನ ನಿಲ್ದಾಣವಾಗಿರುವಾಗ "ನಿಲ್ದಾಣ 2" ಎಂದರೆ ಊರಿನ ಎರಡನೆಯ ವಿಮಾನ ನಿಲ್ದಾಣವೆಂದು ಅರ್ಥವಾಗುತ್ತದೆ. "ಟರ್ಮಿನಲ್" ಎಂಬ ಪದವನ್ನು ಹಾಗೆಯೇ ಉಳಿಸಿ, ಅದೇನೆಂದು ಒಂದು ವಾಕ್ಯದಲ್ಲಿ ತಿಳಿಸುವುದು ಒಳ್ಳೆಯದು. ಕಾಸರಗೋಡಿನವರಿಗೆ ವಿವರಿಸುವುದು ಸುಲಭ: ಪೇಟೆಯಲ್ಲಿ ಹಳೆ ಬಸ್‌ಸ್ಟ್ಯಾಂಡ್ ಬೇರೆ, ಹೊಸ ಬಸ್‌ಸ್ಟ್ಯಾಂಡ್ ಬೇರೆ, ಒಂದರಲ್ಲಿ ಇಳಿದವರು ಇನ್ನೊಂದರಿಂದ ಹೊರಡುವ ಬಸ್ಸಿಗೆ ಅಲ್ಲಿಗೇ ಹೋಗಬೇಕು. ಟರ್ಮಿನಲ್ ಎಂದರೆ ಯಾವ ಬಸ್‌ಸ್ಟ್ಯಾಂಡ್ ಎಂಬ ಪ್ರಶ್ನೆಗೆ ಉತ್ತರ. ಗೇಟು ಎಂದರೆ ಆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಎಲ್ಲಿ ನಿಂತಿದೆ ಎಂಬುದಕ್ಕೆ ಉತ್ತರ.

ಮಂಗಳೂರಿನಲ್ಲಿ ಪ್ರಯಾಣಿಕರ ಟರ್ಮಿನಲ್ ಒಂದೇ, ಕಣ್ಣೂರಿನಲ್ಲಿಯೂ ಒಂದೇ, ಹೀಗಾಗಿ ಅಲ್ಲಿಂದ ನೇರವಾಗಿ ಹೋಗಿಬಂದವರಿಗೆ ಈ ಪ್ರಶ್ನೆ ಎದುರಾಗಿರುವುದೇ ಇಲ್ಲ. ಬೆಂಗಳೂರಿನಲ್ಲಿ ಎರಡಿವೆ. 2023ರ ಸೆಪ್ಟೆಂಬರ್ 12ರಿಂದ ಹೊರದೇಶದ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್ಲಿಗೆ ಹೋಗಿವೆ. ದೇಶದೊಳಗಿನ ವಿಮಾನಗಳು ಸಂಸ್ಥೆಗೆ ತಕ್ಕಂತೆ ಎರಡರಲ್ಲೂ ಹಂಚಿಹೋಗಿವೆ. ಅಕ್ಕನ ಮೊದಲ ವಿಮಾನ ಇಳಿಯುವುದು ಟರ್ಮಿನಲ್ 1ರಲ್ಲಿ, ಎರಡನೆಯದು ಹೊರಡುವುದು ಟರ್ಮಿನಲ್ 2ರಿಂದ. ಆದರೆ ಎರಡನೆಯ ಪಾಸಿನಲ್ಲಿ ಇದ್ದದ್ದು `TERM 2` ಎಂಬುದೊಂದೇ, ಇಳಿಯುವ ಟರ್ಮಿನಲ್ ಅದರಲ್ಲಿ ಇರಲಿಲ್ಲ. ಅದಿದ್ದದ್ದು ಟಿಕೆಟಿನಲ್ಲಿ. ಆದ್ದರಿಂದ ಪಾಸಿನ ಫೋಟೋ ಬಂದಾಗ ಟಿಕೆಟಿನ ಫೋಟೋವನ್ನೂ ತರಿಸಿಕೊಳ್ಳಬೇಕು. ಪಾಸು ಹೊರಡುವ ಜಾಗವನ್ನು ಹೇಳುತ್ತದೆ, ಆದರೆ ಎಡವುವುದು ಇಳಿಯುವ ಜಾಗಕ್ಕೂ ಮತ್ತೆ ಹೊರಡುವ ಜಾಗಕ್ಕೂ ನಡುವಿನ ದಾರಿಯಲ್ಲಿ. ಅನುವಾದದಲ್ಲಿ ಹೀಗೆ ಸೇರಿಸಿದೆ: "ಬೆಂಗಳೂರಿನಲ್ಲಿ ನೀವು ಇಳಿಯುವ ಕಟ್ಟಡದಿಂದ ಎರಡನೆಯ ವಿಮಾನ ಹೊರಡುವುದಿಲ್ಲ. ಇಳಿದ ಕೂಡಲೇ ಸಮವಸ್ತ್ರದವರಿಗೆ ಎರಡನೆಯ ಪಾಸು ತೋರಿಸಿ, ಟರ್ಮಿನಲ್ 2ಕ್ಕೆ ಹೋಗುವ ಬಸ್ಸು ಎಲ್ಲಿ ಎಂದು ಕೇಳಿ."

ಅಬುಧಾಬಿಯಲ್ಲಿ ಟರ್ಮಿನಲ್ಲಿಗೆ ಅಂಕಿಯಲ್ಲ, ಅಕ್ಷರ. 2023ರ ನವೆಂಬರಿನಲ್ಲಿ ತೆರೆದ ಹೊಸ ಕಟ್ಟಡದ ಹೆಸರೇ ಟರ್ಮಿನಲ್ `A`. ದುಬೈಯಲ್ಲಿ ಮತ್ತೆ ಬೇರೆ ಪದ್ಧತಿ: ಟರ್ಮಿನಲ್ಲುಗಳಿಗೆ 1, 2, 3 ಎಂದು ಅಂಕಿ, ಗೇಟಿಗೆ ಅಕ್ಷರವೂ ಅಂಕಿಯೂ ಸೇರಿದ ಗುರುತು. ಅಲ್ಲಿ `A`, `B`, `C` ಅಕ್ಷರದ ಗೇಟುಗಳು ಟರ್ಮಿನಲ್ 3ಕ್ಕೆ ಸೇರಿದವು, `D` ಅಕ್ಷರದವು ಟರ್ಮಿನಲ್ 1ಕ್ಕೆ. ಹೀಗಾಗಿ `B12` ಎಂಬುದರಲ್ಲಿ `B`ಯನ್ನು ಬಿಟ್ಟು "12ನೆಯ ಗೇಟು" ಎಂದು ಬರೆದುಕೊಟ್ಟರೆ, ಓದಿದವರು ಬಹುದೂರದ ಇನ್ನೊಂದು ಹನ್ನೆರಡರ ಎದುರು ಕುಳಿತಿರಬಹುದು. ಅಕ್ಷರ ಅಲಂಕಾರವಲ್ಲ, ಅದೇ ದಿಕ್ಕು.

ಅಕ್ಕನ ಪಾಸಿನಲ್ಲಿ ಗೇಟಿನ ಜಾಗದಲ್ಲಿ ಎರಡು ಗೆರೆಗಳಿದ್ದವು. ಫೋಟೋದಲ್ಲಿ ಅಳಿಸಿಹೋಗಿದೆಯೇ ಎಂದು ಮಗನನ್ನು ಕೇಳಿದರು. ಅಳಿಸಿದ್ದಲ್ಲ. ಮನೆಯಿಂದ ಚೆಕ್‌ಇನ್ ಮಾಡಿದಾಗ ಗೇಟು ಇನ್ನೂ ನಿಗದಿಯಾಗಿರುವುದಿಲ್ಲ. ಹಿಂದಿನ ವಿಮಾನ ಎಲ್ಲಿ ನಿಂತಿದೆ, ಯಾವ ಜಾಗ ಖಾಲಿಯಿದೆ ಎಂಬುದನ್ನು ನೋಡಿ ಆ ದಿನವೇ ಗೊತ್ತುಮಾಡುತ್ತಾರೆ. ಗೊತ್ತುಮಾಡಿದ ಮೇಲೂ ಬದಲಿಸುತ್ತಾರೆ. ಪಾಸಿನಲ್ಲಿ ಮುದ್ರಿತವಾದ ಗೇಟಿಗಿಂತ ಗೋಡೆಯ ಪರದೆಯಲ್ಲಿ ಕಾಣುವ ಗೇಟಿಗೇ ಬೆಲೆ. ಪರದೆಯಲ್ಲಿ ಹುಡುಕಬೇಕಾದದ್ದು ಊರಿನ ಹೆಸರನ್ನಲ್ಲ, ವಿಮಾನದ ಸಂಖ್ಯೆಯನ್ನು. ಒಂದೇ ರಾತ್ರಿ ಅಬುಧಾಬಿಗೆ ಎರಡು ವಿಮಾನಗಳಿರಬಹುದು. ಆದ್ದರಿಂದ ಅನುವಾದದ ಹಾಳೆಯಲ್ಲಿ ವಿಮಾನದ ಸಂಖ್ಯೆಯನ್ನು ಮಾತ್ರ ದಪ್ಪ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿಯೇ, ದೊಡ್ಡದಾಗಿ ಬರೆದು, ಅದರ ಮುಂದೆ ಗೇಟನ್ನು ತುಂಬಿಕೊಳ್ಳಲು ಖಾಲಿ ಚೌಕವೊಂದನ್ನು ಬಿಟ್ಟೆ. ಕನ್ನಡದ ಅಂಕಿಗಳನ್ನು ಎಲ್ಲಿಯೂ ಬಳಸಲಿಲ್ಲ. ನನಗೆ ಅವುಗಳ ಮೇಲೆ ಮಮತೆಯಿದೆ, ಆದರೆ ಪರದೆಯಲ್ಲಿ ಅವು ಬರುವುದಿಲ್ಲ. ಅಬುಧಾಬಿಯಲ್ಲಿ ಅರಬಿ ಅಂಕಿಗಳೂ ಅಲ್ಲಲ್ಲಿ ಕಾಣುತ್ತವೆ. ಅರಬಿಯ ಐದು ನೋಡಲು ನಮ್ಮ ಸೊನ್ನೆಯಂತೆಯೇ ದುಂಡಗಿರುತ್ತದೆ, ಅವರ ಸೊನ್ನೆ ಬರಿಯ ಚುಕ್ಕೆ. ಅವನ್ನು ಓದಲು ಹೋಗದೆ ಪಕ್ಕದ ಇಂಗ್ಲಿಷ್ ಅಂಕಿಯನ್ನೇ ನೋಡಬೇಕೆಂದು ಸೂಚಿಸಿದೆ.

"ದ್ವಾರ" ಎಂಬ ಪದವನ್ನು ನಾನು ಬಿಟ್ಟದ್ದಕ್ಕೂ ಕಾರಣವಿದೆ. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ರಸ್ತೆಯಿಂದ ಒಳಗೆ ಬರುವ ಬಾಗಿಲುಗಳಿಗೂ ಸಂಖ್ಯೆಗಳಿರುತ್ತವೆ. "ದ್ವಾರ 3" ಎಂದು ಓದಿದವರು ಹೊರಗಿನ ಮೂರನೆಯ ಬಾಗಿಲನ್ನು ಹುಡುಕಿಕೊಂಡು ಹೋಗಿ ನಿಲ್ಲುವ ಸಾಧ್ಯತೆಯಿದೆ. ಇದೇ ತೆರನ ಇನ್ನೊಂದು ಪದ "ನಿರ್ಗಮನ". ಕನ್ನಡದ ಫಲಕಗಳಲ್ಲಿ ವಿಮಾನ ಹೊರಡುವ ವಿಭಾಗವನ್ನು ನಿರ್ಗಮನವೆನ್ನುತ್ತಾರೆ. ಆದರೆ ಸಭಾಂಗಣಗಳಲ್ಲಿ ಆ ಪದವನ್ನು ಹೊರಹೋಗುವ ಬಾಗಿಲಿನ ಮೇಲೆ ನೋಡಿ ಅಭ್ಯಾಸವಾದವರಿಗೆ ಅದು ಹೊರಗೆ ಹೋಗು ಎನ್ನುವಂತೆ ಕೇಳುತ್ತದೆ. ವಿಮಾನ ಹತ್ತುವ ಕಡೆ ಎಂದು ಬಿಡಿಸಿ ಬರೆದರೆ ಆಯಿತು.

ಉಳಿದ ಸಣ್ಣ ಅಂಕಿಗಳು ಬೇಗ ಮುಗಿಯುತ್ತವೆ. `SEAT 17C` ಎಂದರೆ ಹದಿನೇಳನೆಯ ಸಾಲಿನ `C` ಕುರ್ಚಿ. ಒಂದೊಂದು ಬದಿಗೆ ಮೂರರಂತೆ ಆರು ಕುರ್ಚಿಗಳಿರುವ ವಿಮಾನದಲ್ಲಿ `A` ಮತ್ತು `F` ಕಿಟಕಿಯ ಬಳಿ, `C` ಮತ್ತು `D` ನಡುದಾರಿಯ ಬಳಿ ಇರುತ್ತವೆ. `SEQ 041` ಎಂದರೆ ಚೆಕ್‌ಇನ್ ಮಾಡಿದವರಲ್ಲಿ ನಲವತ್ತೊಂದನೆಯವರು ಎಂಬ ಸರಣಿ ಸಂಖ್ಯೆ. ಪ್ರಯಾಣಿಕರಿಗೆ ಇದರಿಂದ ಏನೂ ಆಗಬೇಕಾಗಿಲ್ಲ, ಆದರೆ ಸೀಟಿನ ಸಂಖ್ಯೆಯೆಂದು ಭಾವಿಸಿ ನಲವತ್ತೊಂದನೆಯ ಸಾಲನ್ನು ಹುಡುಕಿದವರನ್ನು ಬಲ್ಲೆ. ಅನುವಾದದಲ್ಲಿ ಅದನ್ನು ಸೇರಿಸಲೇ ಇಲ್ಲ. `ZONE 3` ಎಂದರೆ ಮೂರನೆಯ ಗುಂಪನ್ನು ಕರೆದಾಗ ಸಾಲಿನಲ್ಲಿ ನಿಲ್ಲಬೇಕು ಎಂದಷ್ಟೇ. ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬಂದು, ಗೀಟು ಹಾಕಿ, ಸ್ವಂತ ಹೆಸರಿನ ಕೊನೆಗೆ `MRS` ಎಂದು ಅಂಟಿಕೊಂಡಿರುತ್ತದೆ. ಅದು ಹೆಸರಿನ ಭಾಗವಲ್ಲ, ತಪ್ಪಾಗಿ ಮುದ್ರಿಸಿದ್ದೂ ಅಲ್ಲ. ಪಾಸ್‌ಪೋರ್ಟಿಗೂ ಪಾಸಿಗೂ ಹೆಸರು ಬೇರೆಯಾಯಿತೆಂದು ಗಾಬರಿಪಡಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ್ದು ಫೋಟೋ ಸ್ಪಷ್ಟವಾಗಿದ್ದರೆ. ಮೇಜಿನ ಮೇಲಿನ ದೀಪ ಹೊಳೆದು ಒಂದು ಅಂಕಿ ಮಾಯವಾಗುವುದು, ಮಡಿಕೆಯ ಮೇಲೆ `B` ಮತ್ತು 8, `O` ಮತ್ತು 0, `S` ಮತ್ತು 5 ಒಂದೇ ತೆರನಾಗಿ ಕಾಣುವುದು ಸಾಮಾನ್ಯ. ಅನುಮಾನ ಬಂದಾಗ ಊಹಿಸದೆ, ಅದೇ ಮಾಹಿತಿ ಪಾಸಿನಲ್ಲಿ ಇನ್ನೊಂದು ಕಡೆ ಇದೆಯೇ ಎಂದು ನೋಡಬೇಕು. ವಿಮಾನ ಸಂಖ್ಯೆ, ದಿನಾಂಕ, ಸೀಟು ಇವು ಹರಿದುಕೊಳ್ಳುವ ತುಂಡಿನ ಮೇಲೂ ಮತ್ತೊಮ್ಮೆ ಇರುತ್ತವೆ. ಕೌಂಟರಿನಲ್ಲಿ ಕೊಡುವ ಪಾಸುಗಳು ಹೆಚ್ಚಾಗಿ ಬಿಸಿಯಿಂದ ಅಚ್ಚಾಗುವ ಕಾಗದದ ಮೇಲಿರುವುದರಿಂದ ಬಿಸಿಲಿಗೆ ಇಟ್ಟರೆ ಮಾಸುತ್ತವೆ. ಇನ್ನೊಂದು ಎಚ್ಚರಿಕೆ: ಪಾಸಿನ ಮೇಲಿನ ಬಾರ್‌ಕೋಡಿನಲ್ಲಿ ಪ್ರಯಾಣಿಕರ ಹೆಸರು ಮತ್ತು ಆರು ಅಕ್ಷರಗಳ ಬುಕಿಂಗ್ ಗುರುತು ಅಡಗಿರುತ್ತವೆ. ಆ ಗುರುತು ಮತ್ತು ಹೆಸರು ಸಿಕ್ಕಿದವರು ಬುಕಿಂಗನ್ನು ತೆರೆದು ನೋಡಬಹುದು, ಕೆಲವೊಮ್ಮೆ ಬದಲಿಸಲೂಬಹುದು. ಅನುವಾದಕ್ಕೆ ಇವೆರಡೂ ಬೇಕಾಗಿಲ್ಲ. ಬೆರಳಿನಿಂದ ಮುಚ್ಚಿ ಫೋಟೋ ತೆಗೆದರೆ ಸಾಕು, ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕುವುದಾದರೆ ಮುಚ್ಚಲೇಬೇಕು.

ಸಾಮಾನಿನ ಸೂಚನೆಗೆ ಬರುತ್ತೇನೆ. ಇಲ್ಲಿ ಮೊದಲು ತೊಡಕಾಗುವುದು "ಕ್ಯಾಬಿನ್" ಎಂಬ ಪದ. ಪಾಸಿನಲ್ಲಿ `CABIN 7KG` ಎಂದಿದ್ದರೆ ಜೊತೆಯಲ್ಲಿ ಒಳಗೆ ಒಯ್ಯುವ ಚೀಲ. `CABIN Y` ಎಂದಿದ್ದರೆ ಸಾಮಾನ್ಯ ದರ್ಜೆಯ ಆಸನ. ಒಂದೇ ಪದ, ಎರಡು ಅರ್ಥ. ಅದರ ಎದುರು ಪದ `BAG` ಅಥವಾ ಚೆಕ್‌ಇನ್ ಬ್ಯಾಗೇಜ್, ಅಂದರೆ ಕೌಂಟರಿನಲ್ಲಿ ತೂಕ ಹಾಕಿಸಿ ಅವರ ಕೈಗೆ ಒಪ್ಪಿಸುವ ಪೆಟ್ಟಿಗೆ. ನಾನು ಇವನ್ನು "ಕೈಚೀಲ" ಮತ್ತು "ಒಪ್ಪಿಸುವ ಪೆಟ್ಟಿಗೆ" ಎಂದು ಬರೆದೆ, ಮತ್ತು ಇಡೀ ಹಾಳೆಯಲ್ಲಿ ಇವೆರಡೇ ಪದಗಳನ್ನು ಬಳಸಿದೆ. ಮೂಲದಲ್ಲಿ ಕೈಚೀಲಕ್ಕೆ ಮೂರು ಬೇರೆ ಬೇರೆ ಹೆಸರುಗಳಿದ್ದವು. ಹಾಗೆಯೇ ಕನ್ನಡಿಸಿದ್ದರೆ ಅಕ್ಕ ಮೂರು ಚೀಲಗಳಿವೆಯೆಂದು ತಿಳಿಯುತ್ತಿದ್ದರು.

`BAG 30K` ಎಂಬಲ್ಲಿ `K` ಸಾವಿರವಲ್ಲ, ಕಿಲೋ. ಒಪ್ಪಿಸುವ ಸಾಮಾನಿನ ಒಟ್ಟು ತೂಕ 30 ಕಿಲೋ ಮೀರಬಾರದು. ಎಷ್ಟು ಪೆಟ್ಟಿಗೆ ಎಂಬುದನ್ನು ಸಂಸ್ಥೆಯ ನಿಯಮ ಹೇಳುತ್ತದೆ. ಇದರ ಬದಲು `2PC` ಎಂದಿದ್ದರೆ ಲೆಕ್ಕ ಪೆಟ್ಟಿಗೆಗಳದ್ದು, ಒಂದೊಂದಕ್ಕೂ ಬೇರೆ ಮಿತಿ, ಸಾಮಾನ್ಯವಾಗಿ 23 ಕಿಲೋ. ಆ ಪದ್ಧತಿಯಲ್ಲಿ ಒಂದು 30, ಇನ್ನೊಂದು 16 ಎಂದು ತುಂಬಿದರೆ ಒಟ್ಟು ಸರಿಯಿದ್ದರೂ ಮೊದಲನೆಯದಕ್ಕೆ ದಂಡ ಕಟ್ಟಬೇಕಾದೀತು. ಯಾವುದೇ ಪದ್ಧತಿಯಲ್ಲಿಯೂ ಒಂದೇ ಪೆಟ್ಟಿಗೆ 32 ಕಿಲೋ ಮೀರಿದರೆ ತೆಗೆದುಕೊಳ್ಳುವುದಿಲ್ಲ. ಅದನ್ನು ಎತ್ತಿ ಇಡುವವರ ಸೊಂಟದ ಲೆಕ್ಕ ಅದು.

ಕೈಚೀಲದ ಅಳತೆ ಆ ಸೂಚನೆಯಲ್ಲಿ 55, 35, 25 ಸೆಂಟಿಮೀಟರ್ ಎಂದಿತ್ತು. ಚಕ್ರ, ಹಿಡಿ, ಹೊರಗಿನ ಜೇಬು ಎಲ್ಲವೂ ಅದರೊಳಗೇ ಬರಬೇಕು. ಟೇಪು ಇಲ್ಲದ ಮನೆಯಲ್ಲಿ ಇದು ಹೇಗೆ ಗೊತ್ತಾಗಬೇಕು? ಒಂದು ಗೇಣು ಸುಮಾರು 23 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಎತ್ತರ ಎರಡು ಗೇಣು ನಾಲ್ಕು ಬೆರಳು, ಅಗಲ ಒಂದೂವರೆ ಗೇಣು, ದಪ್ಪ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಚೀಲ ಇದಕ್ಕೆ ತೀರ ಹತ್ತಿರವಾಗಿದ್ದರೆ ಗೇಣನ್ನು ನಂಬಬಾರದು, ದರ್ಜಿಯ ಟೇಪು ತರಿಸಬೇಕು.

ನಂತರದ ವಾಕ್ಯ ದ್ರವ, ಸಿಂಪಡಿಸುವ ಡಬ್ಬಿ ಮತ್ತು "ಜೆಲ್" ಕುರಿತಾದದ್ದು. ನಿಘಂಟು ನೋಡಿ "ದ್ರವ ಪದಾರ್ಥಗಳು" ಎಂದು ಬರೆದರೆ ಓದುವವರ ಕಣ್ಣಿಗೆ ನೀರು, ಎಣ್ಣೆ, ಹಾಲು ಮಾತ್ರ ಬರುತ್ತವೆ. ಉಪ್ಪಿನಕಾಯಿ ದ್ರವವೆಂದು ನಮ್ಮಲ್ಲಿ ಯಾರೂ ಭಾವಿಸುವುದಿಲ್ಲ, ತುಪ್ಪ ಹೆಪ್ಪುಗಟ್ಟಿದ್ದರೆ ಅದನ್ನೂ ಭಾವಿಸುವುದಿಲ್ಲ. ತಪಾಸಣೆಯವರ ಲೆಕ್ಕದಲ್ಲಿ ಎರಡೂ ಅದೇ ಗುಂಪು. ಆದ್ದರಿಂದ "ಸುರಿಯಬಹುದಾದದ್ದು, ಹಿಂಡಬಹುದಾದದ್ದು, ಸವರಬಹುದಾದದ್ದು" ಎಂದು ಬಿಡಿಸಿದೆ. ತೆಂಗಿನೆಣ್ಣೆ ಮೊದಲನೆಯದು, ಟೂತ್‌ಪೇಸ್ಟು ಎರಡನೆಯದು, ತುಪ್ಪ ಮತ್ತು ನೋವಿನ ಮುಲಾಮು ಮೂರನೆಯದು. ಇವು ಕೈಚೀಲದಲ್ಲಿ ಇರಬೇಕಾದರೆ ಒಂದೊಂದು ಸೀಸೆಯೂ 100 ಮಿಲಿಲೀಟರಿಗಿಂತ ದೊಡ್ಡದಿರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ನೋಡುವುದು ಸೀಸೆಯ ಅಳತೆಯನ್ನು, ಒಳಗೆ ಉಳಿದಿರುವುದನ್ನಲ್ಲ. 200 ಮಿಲಿಲೀಟರಿನ ಸೀಸೆಯ ತಳದಲ್ಲಿ ನಾಲ್ಕು ಚಮಚ ಎಣ್ಣೆಯಿದ್ದರೂ ಎಸೆಯುತ್ತಾರೆ. ಪ್ರಯಾಣದಲ್ಲಿ ಬೇಕಾದ ಔಷಧಕ್ಕೆ ವಿನಾಯಿತಿಯಿದೆ, ವೈದ್ಯರ ಚೀಟಿ ಜೊತೆಯಲ್ಲಿರಬೇಕು. ಉಪ್ಪಿನಕಾಯಿಯನ್ನು ಮಾತ್ರ ಅಳತೆ ಲೆಕ್ಕ ಹಾಕದೆ ಒಪ್ಪಿಸುವ ಪೆಟ್ಟಿಗೆಗೆ ಕಳಿಸಿದೆ.

ಮುಂದಿನ ವಾಕ್ಯವೇ ಇಡೀ ಸೂಚನೆಯಲ್ಲಿ ಅಪಾಯದ್ದು. ಪವರ್‌ಬ್ಯಾಂಕು ಕ್ಯಾಬಿನ್ ಚೀಲದಲ್ಲಿ ಮಾತ್ರ ಎಂದು ಅದರಲ್ಲಿತ್ತು. ಸೂಚನೆಯಲ್ಲಿ ಮೇಲಿನಿಂದ ಬಂದ ನಿಯಮಗಳೆಲ್ಲ ಕೈಚೀಲದಲ್ಲಿ ಇದು ಬೇಡ, ಅದು ಬೇಡ ಎನ್ನುವಂಥವು. ಅದೇ ಓಟದಲ್ಲಿ ಓದಿಕೊಂಡು ಹೋದವರು ಇದನ್ನೂ ಬೇಡದವುಗಳ ಸಾಲಿಗೆ ಸೇರಿಸಿ ಪವರ್‌ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿಬಿಡುತ್ತಾರೆ. ನಿಯಮ ಅದಕ್ಕೆ ನೇರ ವಿರುದ್ಧ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಪ್ರಯಾಣಿಕರ ನಡುವೆ ಇದ್ದಾಗ ಸಿಬ್ಬಂದಿ ನೋಡಿ ಆರಿಸಬಲ್ಲರು. ಕೆಳಗಿನ ಸಾಮಾನು ಕೋಣೆಯಲ್ಲಿ ಯಾರಿಗೂ ಕಾಣದು. ಕಾರಣವನ್ನು ಒಂದು ವಾಕ್ಯದಲ್ಲಿ ಸೇರಿಸಿದರೆ ನಿಯಮ ತಿರುಗುಮುರುಗಾಗುವುದಿಲ್ಲ. ಹಾಗಾಗಿ ಇದೊಂದಕ್ಕೆ ಮಾತ್ರ ಹಾಳೆಯಲ್ಲಿ ಕಾರಣವನ್ನೂ ಬರೆದೆ, ಮತ್ತು ಎರಡು ಬದಿಯಿಂದಲೂ ಹೇಳಿದೆ: "ಕೈಚೀಲದಲ್ಲೇ ಇಡಿ. ದೊಡ್ಡ ಪೆಟ್ಟಿಗೆಯಲ್ಲಿ ಇಡಲೇಬೇಡಿ."

ಅದರ ಮಿತಿ 100 ವ್ಯಾಟ್ ಅವರ್. ಅಲ್ಲಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕಿಂತ ಹೆಚ್ಚಿನದನ್ನು ಒಯ್ಯುವಂತಿಲ್ಲ. ಆದರೆ ಪವರ್‌ಬ್ಯಾಂಕಿನ ಮೇಲೆ ದೊಡ್ಡದಾಗಿ ಬರೆದಿರುವುದು ಎಂಎಎಚ್ ಎಂಬ ಬೇರೆ ಅಳತೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಅದನ್ನು ಬ್ಯಾಟರಿಯ ವೋಲ್ಟಿನಿಂದ, ಸಾಮಾನ್ಯವಾಗಿ 3.7ರಿಂದ, ಗುಣಿಸಿ ಸಾವಿರದಿಂದ ಭಾಗಿಸಬೇಕು. ಅಕ್ಕನದ್ದು 20000:

```
20000 × 3.7 ÷ 1000 = 74 Wh
```

ನೂರಕ್ಕಿಂತ ಕಡಿಮೆ, ಒಯ್ಯಬಹುದು. ಅಂಕಿ ಅಳಿಸಿಹೋಗಿ ಓದಲಾಗದ ಪವರ್‌ಬ್ಯಾಂಕಾದರೆ ಮನೆಯಲ್ಲೇ ಬಿಡುವುದು ಒಳ್ಳೆಯದು. ತಪಾಸಣೆಯವರು ಅಂಕಿಯನ್ನು ಓದಿಯೇ ಬಿಡುವುದು.

ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ `COPRA` ಎಂದಿತ್ತು. ಇದನ್ನು "ತೆಂಗಿನಕಾಯಿ" ಎಂದು ಕನ್ನಡಿಸಿದ ಹಾಳೆಯನ್ನು ನೋಡಿದ್ದೇನೆ. ಕಾಸರಗೋಡಿನವರಿಗೆ ಕಾಯಿ ಬೇರೆ, ಕೊಬ್ಬರಿ ಬೇರೆ, ಪಟ್ಟಿಯಲ್ಲಿರುವುದು ಕೊಬ್ಬರಿ. ಒಣಗಿ ಎಣ್ಣೆಯ ಅಂಶ ಏರಿದ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕೆಂದು ವಿಮಾನ ಸಾಗಣೆಯ ನಿಯಮಗಳಲ್ಲಿ ಪರಿಗಣಿತವಾಗಿದೆ. ಒಪ್ಪಿಸುವ ಪೆಟ್ಟಿಗೆಯಲ್ಲಿ ಅದಕ್ಕೆ ಎಡೆಯಿಲ್ಲ. ಹಸಿ ಕಾಯಿಗೆ ಆ ತೊಂದರೆ ಇಲ್ಲ, ಆದರೆ ಅದು ಕೈಚೀಲದಲ್ಲಿ ಹೋಗುವುದಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಯ ಕಾಯಿಗೆಂದೇ 2025ರ ಜನವರಿ 20ರವರೆಗೆ ವಿಶೇಷ ವಿನಾಯಿತಿ ಕೊಡಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಅಕ್ಕನ ಪೆಟ್ಟಿಗೆಯಲ್ಲಿ ಎರಡು ಕಿಲೋ ಕೊಬ್ಬರಿ ಇತ್ತು. ಅದು ಮನೆಯಲ್ಲೇ ಉಳಿಯಿತು. ಸೂಚನೆಯಲ್ಲಿ ಇಲ್ಲದ ಒಂದು ಮಾತನ್ನು ಹಾಳೆಯ ಅಂಚಿನಲ್ಲಿ ಬೇರೆ ಶಾಯಿಯಿಂದ ಸೇರಿಸಿದೆ: ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳಬೇಡಿ, ಆ ದೇಶದಲ್ಲಿ ಅದು ಮಾದಕ ವಸ್ತುಗಳ ನಿಷೇಧದೊಳಗೆ ಬರುತ್ತದೆ. ಅನುವಾದಕ ತನ್ನ ಮಾತನ್ನು ಸೇರಿಸುವುದಾದರೆ ಅದು ಮೂಲದ್ದಲ್ಲವೆಂದು ಕಾಣುವಂತಿರಬೇಕು.

ನಿಯಮಗಳ ಇಂಗ್ಲಿಷ್ ವಿನಯದ್ದು: "ಸಲಹೆ ನೀಡಲಾಗಿದೆ", "ಅನುಮತಿಸಲಾಗುವುದಿಲ್ಲ", "ಪೂರ್ವಾನುಮತಿಗೆ ಒಳಪಟ್ಟಿದೆ". ಇವನ್ನು ಸರಕಾರಿ ಸುತ್ತೋಲೆಯ ಕನ್ನಡಕ್ಕೆ ಇಳಿಸಿದರೆ ಯಾವುದು ಕಡ್ಡಾಯ, ಯಾವುದು ಬರಿಯ ಬುದ್ಧಿಮಾತು ಎಂದು ತಿಳಿಯುವುದಿಲ್ಲ. ನಾನು ಎಲ್ಲವನ್ನೂ ಮೂರೇ ಮಾತಿಗೆ ತಂದೆ: "ಕೂಡದು", "ಕೇಳಿ ಒಪ್ಪಿದರೆ ಮಾತ್ರ", "ಇದ್ದರೆ ಒಳ್ಳೆಯದು".

ಕೊನೆಗೆ ಉಳಿದದ್ದು ಫೋಟೋದಲ್ಲಿ ಇಲ್ಲದ ಕಾಗದ. ಪೆಟ್ಟಿಗೆ ಒಪ್ಪಿಸಿದಾಗ ಅದಕ್ಕೊಂದು ಪಟ್ಟಿ ಅಂಟಿಸಿ, ಹತ್ತು ಅಂಕಿಗಳ ಸಂಖ್ಯೆಯಿರುವ ಸಣ್ಣ ಚೀಟಿಯನ್ನು ಪ್ರಯಾಣಿಕರಿಗೆ ಕೊಡುತ್ತಾರೆ. ಅದರಲ್ಲಿ ಪೆಟ್ಟಿಗೆ ಎಲ್ಲಿಯವರೆಗೆ ಹೋಗುತ್ತದೆಂಬುದು ಮೂರಕ್ಷರಗಳಲ್ಲಿ ಇರುತ್ತದೆ. ಮಂಗಳೂರಿಗೆ `IXE`, ಬೆಂಗಳೂರಿಗೆ `BLR`, ಅಬುಧಾಬಿಗೆ `AUH`. ಮಂಗಳೂರಿನದ್ದು ಹೆಸರಿಗೆ ಹೊಂದುವುದೇ ಇಲ್ಲ, ಹಾಗೆಯೇ ನೆನಪಿಟ್ಟುಕೊಳ್ಳಬೇಕು. ಅನುವಾದ ಬರೆಯುವ ಹೊತ್ತಿಗೆ ಈ ಚೀಟಿ ಹುಟ್ಟಿಯೇ ಇರಲಿಲ್ಲವಾದ್ದರಿಂದ ಷರತ್ತು ಹಾಕಿ ಬರೆದೆ: "ಚೀಟಿಯಲ್ಲಿ `AUH` ಎಂದಿದ್ದರೆ ಬೆಂಗಳೂರಿನಲ್ಲಿ ಪೆಟ್ಟಿಗೆ ಹುಡುಕಬೇಡಿ, ಅದು ಅಬುಧಾಬಿಯಲ್ಲೇ ಸಿಗುತ್ತದೆ. `BLR` ಎಂದಿದ್ದರೆ ಬೆಂಗಳೂರಿನಲ್ಲಿ ತೆಗೆದುಕೊಂಡು ಟರ್ಮಿನಲ್ 2ರಲ್ಲಿ ಮತ್ತೆ ಒಪ್ಪಿಸಬೇಕು."

ಮೂರು ತಿಂಗಳ ನಂತರ ಮರುಪ್ರಯಾಣದ ಪಾಸಿನ ಫೋಟೋ ಬಂದಾಗ ಈ ಷರತ್ತನ್ನು ತಿದ್ದಬೇಕಾಯಿತು. ಹೊರದೇಶದಿಂದ ಬರುವವರು ಭಾರತದಲ್ಲಿ ಮೊದಲು ಇಳಿಯುವ ಊರಿನಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯನ್ನು ತಾವೇ ತೆಗೆದುಕೊಂಡು ಸುಂಕದವರ ಎದುರಿನಿಂದ ಹೊರಬಂದು, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕಾಗುತ್ತದೆ. ಚೀಟಿಯಲ್ಲಿ `IXE` ಎಂದೇ ಮುದ್ರಿಸಿದ್ದರೂ ಪೆಟ್ಟಿಗೆ ತಾನಾಗಿ ಮಂಗಳೂರಿಗೆ ಬರುತ್ತದೆಂದು ನಂಬುವಂತಿಲ್ಲ. ಹಿಂದಿನ ಹಾಳೆ ಅಕ್ಕನ ಪರ್ಸಿನಲ್ಲಿ ಇನ್ನೂ ಇದೆಯೆಂದು ಮಗ ಹೇಳಿದ. ಅದನ್ನು ಹರಿದು ಎಸೆಯಲು ತಿಳಿಸಿ, ಹೊಸ ಹಾಳೆಯ ಮೊದಲ ಸಾಲಿನಲ್ಲಿಯೇ ಬರೆದು ಕಳಿಸಿದೆ: "ಈ ಸಲ ಬೆಂಗಳೂರಿನಲ್ಲಿ ಪೆಟ್ಟಿಗೆಯನ್ನು ನೀವೇ ತೆಗೆದುಕೊಳ್ಳಬೇಕು."